ಎಂಟು ಗಂಟೆಗೆ ತಲುಪಿದ ಆರು ಗಂಟೆಯ ಮಳೆ

ಕೋಲಾರ ಜಿಲ್ಲೆಯ ಲಕ್ಕೂರಿನ ಕಡೆ ಗುಡುಗು ಮಳೆ ಬಂತೆಂದರೆ ಹನಿ ಬೀಳುವ ಮೊದಲೇ ಕರೆಂಟು ಹೋಗುವುದುಂಟು. ಮೊಬೈಲ್ ಟವರ್‌ನ ಬ್ಯಾಟರಿ ಸ್ವಲ್ಪ ಹೊತ್ತು ತಡೆಯುತ್ತದೆ. ಅದೂ ಮುಗಿದರೆ ಸಿಗ್ನಲ್ ಇಲ್ಲ. ಊರಿನವರಿಗೆ ಇದು ಹಳೆಯ ತೊಂದರೆ. ಆದರೆ ಅದೇ ಹೊತ್ತಿನಲ್ಲಿ ಸಿಗ್ನಲ್‌ಗಾಗಿ ಕಾಯುವ ಇನ್ನೊಂದು ವಸ್ತುವೂ ಇರುತ್ತದೆ: ಪಂಚಾಯಿತಿ ಮಟ್ಟದಲ್ಲಿ ನಿಲ್ಲಿಸಿರುವ ಮಳೆಮಾಪಕ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿವೆ. 1988ರಲ್ಲಿ ಬರದ ಮೇಲೆ ಕಣ್ಣಿಡಲು ಆರಂಭವಾದ ಘಟಕವೇ ಮುಂದೆ ಈ ಕೇಂದ್ರವಾಗಿ ಬೆಳೆಯಿತು. ಮಾಪಕದ ಒಳಗೆ ತಕ್ಕಡಿಯಂತೆ ತೂಗುವ ಪುಟ್ಟ ಬಟ್ಟಲಿರುತ್ತದೆ. ಇಂತಿಷ್ಟು ನೀರು ತುಂಬಿದರೆ ಅದು ಮಗುಚಿಕೊಳ್ಳುತ್ತದೆ, ಯಂತ್ರ ಆ ಮಗುಚಾಟಗಳನ್ನು ಎಣಿಸುತ್ತದೆ. ಪ್ರತಿ 15 ನಿಮಿಷಕ್ಕೊಮ್ಮೆ ಆ ಎಣಿಕೆ ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ಹೋಗುತ್ತದೆ. ಜಾಲ ಸಿಗದಿದ್ದರೆ ಇಂಥ ಯಂತ್ರಗಳು ಲೆಕ್ಕವನ್ನು ತಮ್ಮ ನೆನಪಿನಲ್ಲಿಟ್ಟುಕೊಂಡು, ಸಿಕ್ಕಾಗ ಒಟ್ಟಿಗೆ ಕಳಿಸುವಂತೆ ಮಾಡಿರುತ್ತಾರೆ.

ಹಾಗಾಗಿ ಮಳೆಯ ಪ್ರತಿ ದಾಖಲೆಗೂ ಎರಡು ಹೊತ್ತುಗಳಿರುತ್ತವೆ. ಮಳೆ ಬಿದ್ದ ಹೊತ್ತು ಒಂದು, ದಾಖಲೆ ತಲುಪಿದ ಹೊತ್ತು ಇನ್ನೊಂದು. ಹಿಂದೆ ಕಾಗದದ ಮೇಲೆ ಎರಡು ಅಂಚೆ ಮುದ್ರೆ ಬೀಳುತ್ತಿದ್ದವಲ್ಲ, ಕಳಿಸಿದ ಊರಿನದೊಂದು, ತಲುಪಿದ ಊರಿನದೊಂದು, ಹಾಗೆ. ಇವೆರಡರ ನಡುವಿನ ಅಂತರವನ್ನು ಮರೆತು ಬರೆದ ತಪಾಸಣೆ ಹೇಗೆ ಕುರುಡಾಗುತ್ತದೆ ಎಂಬುದನ್ನು ಇಲ್ಲಿ ನಿಧಾನವಾಗಿ ನೋಡೋಣ.

ಮಾಪಕಗಳಿಂದ ಬಂದದ್ದೆಲ್ಲ ಒಂದು ಕೋಷ್ಟಕದಲ್ಲಿ ಸೇರುತ್ತಿದೆ ಎಂದುಕೊಳ್ಳಿ. ಅದನ್ನು 15 ನಿಮಿಷಕ್ಕೊಮ್ಮೆ ಒಂದು ಪುಟ್ಟ ತಪಾಸಣೆ ಪ್ರೋಗ್ರಾಂ ನೋಡಿ, ಎಲ್ಲಾದರೂ ದಿನದ ಮಳೆ 64.5 ಮಿಲಿಮೀಟರ್ ಮುಟ್ಟಿದರೆ ಎಚ್ಚರಿಕೆ ಕಳಿಸಬೇಕು. ಭಾರತೀಯ ಹವಾಮಾನ ಇಲಾಖೆ 'ಭಾರಿ ಮಳೆ' ಎನ್ನುವುದು ಅಲ್ಲಿಂದಲೇ. ಪ್ರತಿ ಸಲವೂ ಇಡೀ ಕೋಷ್ಟಕವನ್ನು ಓದುವುದು ದಂಡ. ಆದ್ದರಿಂದ ಪ್ರೋಗ್ರಾಂ 'ಇಲ್ಲಿಯವರೆಗೆ ನೋಡಿಯಾಯಿತು' ಎಂದು ಒಂದು ಗುರುತು ಇಟ್ಟುಕೊಳ್ಳುತ್ತದೆ. ಕಂಪ್ಯೂಟರಿನವರು ಅದನ್ನು ವಾಟರ್‌ಮಾರ್ಕ್ ಎನ್ನುತ್ತಾರೆ. ಕೆರೆಯ ತೂಬಿನ ಕಲ್ಲಿನ ಮೇಲೆ ನೀರು ಎಲ್ಲಿಯವರೆಗೆ ಏರಿತ್ತೆಂದು ತೋರಿಸುವ ಗೆರೆ ನೋಡಿದವರಿಗೆ ಈ ಮಾತು ಹೊಸದಲ್ಲ. ಸಾಮಾನ್ಯವಾಗಿ ಬರೆಯುವುದು ಹೀಗೆ:

```sql
SELECT * FROM rain
WHERE event_time > :watermark;
```

`event_time` ಎಂದರೆ ಮಾಪಕವೇ ಬರೆದ, ಮಳೆ ಬಿದ್ದ ಹೊತ್ತು. ಗುರುತಿನ ನಂತರದ್ದನ್ನೆಲ್ಲ ಓದು, ಓದಿದ್ದರಲ್ಲಿ ಎಲ್ಲಕ್ಕಿಂತ ಈಚಿನ ಹೊತ್ತಿಗೆ ಗುರುತನ್ನು ಸರಿಸು. ಓದಿದರೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಈಗ ಒಂದು ಸಂಜೆಯನ್ನು ತೆಗೆದುಕೊಳ್ಳೋಣ. ಇದು ಲೆಕ್ಕಕ್ಕಾಗಿ ನಾನು ಕಟ್ಟಿಕೊಂಡ ಸಂಜೆ, ಯಾವ ಕಚೇರಿಯ ದಾಖಲೆಯೂ ಅಲ್ಲ. ಲಕ್ಕೂರಿನಲ್ಲಿ 6 ಗಂಟೆಗೆ ಮಳೆ ಶುರುವಾಗುತ್ತದೆ, ಸಿಗ್ನಲ್ ಹೋಗುತ್ತದೆ. ಮಾಪಕ ಮಾತ್ರ ತನ್ನ ಕೆಲಸ ಬಿಡುವುದಿಲ್ಲ. 6:15ಕ್ಕೆ 2 ಮಿ.ಮೀ., ಆಮೇಲೆ ಪ್ರತಿ ಕಾಲು ಗಂಟೆಗೆ 9, 14, 18, 13, 7, 3, ಕೊನೆಗೆ 8 ಗಂಟೆಗೆ 1. ಎಂಟು ದಾಖಲೆ, ಒಟ್ಟು 67 ಮಿ.ಮೀ. ಅತ್ತ ಮಾಸ್ತಿ, ಟೇಕಲ್ ಕಡೆಯ ಮಾಪಕಗಳಿಗೆ ಸಿಗ್ನಲ್ ಇದೆ, ಅವು ಕಾಲಕಾಲಕ್ಕೆ ಕಳಿಸುತ್ತಲೇ ಇವೆ. 8:05ಕ್ಕೆ ತಪಾಸಣೆ ನಡೆದಾಗ ಮಾಸ್ತಿಯ 8 ಗಂಟೆಯ ದಾಖಲೆ ಸಿಗುತ್ತದೆ. ಗುರುತು 8:00ಕ್ಕೆ ಸರಿಯುತ್ತದೆ.

8:10ಕ್ಕೆ ಲಕ್ಕೂರಿಗೆ ಸಿಗ್ನಲ್ ಬರುತ್ತದೆ. ಎಂಟೂ ದಾಖಲೆ ಒಟ್ಟಿಗೆ ಬಂದು ಕೋಷ್ಟಕ ಸೇರುತ್ತವೆ. 8:20ಕ್ಕೆ ತಪಾಸಣೆ ಮತ್ತೆ ಎದ್ದು ಕೇಳುತ್ತದೆ: 8:00ರ ನಂತರದ್ದು ಏನಿದೆ? ಲಕ್ಕೂರಿನಿಂದ 8:15ರ ದಾಖಲೆಯೊಂದಿದೆ, ಅದರಲ್ಲಿ ಮಳೆ ಸೊನ್ನೆ. ಗುರುತು 8:15ಕ್ಕೆ ಹೋಗುತ್ತದೆ. ಆ ಎಂಟು ದಾಖಲೆಗಳ ಹೊತ್ತು ಗುರುತಿಗಿಂತ ಹಿಂದಿನದು, ಗುರುತು ಹಿಂದಕ್ಕೆ ಬರುವುದಿಲ್ಲ. ತಪಾಸಣೆ ಇನ್ನು ಎಂದೂ ಅವುಗಳತ್ತ ತಿರುಗುವುದಿಲ್ಲ. ಅದರ ಪಾಲಿಗೆ ಲಕ್ಕೂರಿನಲ್ಲಿ ಆ ಸಂಜೆ ಮಳೆಯೇ ಆಗಲಿಲ್ಲ.

ನನಗೆ ಕಳವಳವಾಗುವುದು ಇದರ ಮುಂದಿನ ಭಾಗದಿಂದ. ಪ್ರೋಗ್ರಾಂ ನಿಲ್ಲಲಿಲ್ಲ, ದೋಷವೆಂದು ಎಲ್ಲಿಯೂ ಬರೆಯಲಿಲ್ಲ. ಮಾರನೆಯ ದಿನ ಯಾರಾದರೂ ಅನುಮಾನಪಟ್ಟು ಕೋಷ್ಟಕ ತೆರೆದರೆ 67 ಮಿ.ಮೀ. ಅಲ್ಲಿಯೇ ಇರುತ್ತದೆ. 'ಮಾಹಿತಿ ಬಂದಿದೆಯಲ್ಲ' ಎಂದು ಒಬ್ಬರು, 'ಎಚ್ಚರಿಕೆ ಬರಲಿಲ್ಲವಲ್ಲ' ಎಂದು ಇನ್ನೊಬ್ಬರು. ಇಬ್ಬರದೂ ನಿಜ. 2021ರ ನವೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಕೆರೆಗಳು ಸಾಲುಸಾಲಾಗಿ ಕೋಡಿ ಹರಿದದ್ದನ್ನು ಕಂಡವರಿಗೆ, ಮೇಲಿನ ಕೆರೆಯ ಸುದ್ದಿ ಕೆಳಗಿನ ಊರಿಗೆ ಅದೇ ರಾತ್ರಿ ತಲುಪುವುದಕ್ಕೂ ಮಾರನೆಯ ದಿನ ತಲುಪುವುದಕ್ಕೂ ಇರುವ ವ್ಯತ್ಯಾಸ ಗೊತ್ತು.

ಇದಕ್ಕೆ ಮೊದಲು ಹೊಳೆಯುವ ಮದ್ದು, ಗುರುತನ್ನು ಸ್ವಲ್ಪ ಹಿಂದೆ ಇಡುವುದು. ಅರ್ಧ ಗಂಟೆ ಹಿಂದೆ ಇಟ್ಟರೆ 8:20ರ ತಪಾಸಣೆ 7:30ರ ನಂತರದ್ದನ್ನು ಓದುತ್ತದೆ. ಲಕ್ಕೂರಿನ ಪಾಲಿಗೆ 3 ಮತ್ತು 1, ಒಟ್ಟು 4 ಮಿ.ಮೀ. ಸಿಗುತ್ತದೆ. 63 ಮಿ.ಮೀ. ಹೊರಗೇ ಉಳಿಯುತ್ತದೆ. ಎರಡು ಗಂಟೆ ಹಿಂದೆ ಇಟ್ಟಿದ್ದರೆ ಎಂಟೂ ಸಿಗುತ್ತಿದ್ದವು. ಹಾಗಾದರೆ ಎಷ್ಟು ಹಿಂದೆ ಇಡಬೇಕು?

ಹೆಚ್ಚಿನವರು ಎಡವುವುದು ಇಲ್ಲಿಯೇ. ತಿಂಗಳ ದಾಖಲೆಗಳನ್ನೆಲ್ಲ ತೆಗೆದು, ತಲುಪಿದ ಹೊತ್ತಿನಿಂದ ಮಳೆಯ ಹೊತ್ತು ಕಳೆದು, ಸರಾಸರಿ ತಡ ಎರಡೋ ಮೂರೋ ನಿಮಿಷ ಎಂದು ಕಂಡುಕೊಳ್ಳುತ್ತಾರೆ. ಅರ್ಧ ಗಂಟೆ ಧಾರಾಳವಾಯಿತು ಅನ್ನಿಸುತ್ತದೆ. ಆದರೆ ನಮ್ಮ ಸೀಮೆಯಲ್ಲಿ ತಿಂಗಳ ಬಹುಪಾಲು ದಿನ ಒಣ ದಿನವೇ. ಆ ದಿನಗಳಲ್ಲಿ ಸೊನ್ನೆ ಎಂಬ ಸುದ್ದಿ ಠೀಕಾಗಿ ಬರುತ್ತದೆ. ತಡವಾಗುವುದು ಗುಡುಗಿದಾಗ, ಅಂದರೆ ನಮಗೆ ಸುದ್ದಿ ಬೇಕಾದ ಹೊತ್ತಿನಲ್ಲೇ. ಕರೆಂಟು, ಟವರ್, ಮಳೆ ಒಂದಕ್ಕೊಂದು ಗಂಟು ಬಿದ್ದಿವೆ. ಮಳೆಯ ಸಂಜೆಗಳನ್ನಷ್ಟೇ ಬೇರೆ ತೆಗೆದು, ಅವುಗಳಲ್ಲೂ ತೀರ ತಡವಾಗಿ ಬಂದವನ್ನು ನೋಡಿ ಅಂತರ ನಿರ್ಧರಿಸಬೇಕು. ಒಣ ದಿನಗಳ ಸರಾಸರಿ ಇಲ್ಲಿ ದಾರಿ ತಪ್ಪಿಸುತ್ತದೆ.

ಹಿಂದೆ ಇಡುವುದು ಅನ್ನುವಾಗಲೂ ಎರಡು ಬೇರೆ ಕೆಲಸಗಳು ಬೆರೆತುಹೋಗುತ್ತವೆ. ಒಂದು, ಎರಡು ಗಂಟೆ ಕಾದು ಆಮೇಲೆ ತೀರ್ಪು ಕೊಡುವುದು. ಆಗ ಎಲ್ಲ ಊರಿನ ಎಚ್ಚರಿಕೆಯೂ ಎರಡು ಗಂಟೆ ತಡ. ಇನ್ನೊಂದು, ಬಂದದ್ದಕ್ಕೆ ತಕ್ಷಣ ತೀರ್ಪು ಕೊಡುತ್ತಲೇ ಹಿಂದಿನ ಎರಡು ಗಂಟೆಯನ್ನು ಪ್ರತಿ ಸಲ ಮತ್ತೆ ಓದುವುದು. ಎಚ್ಚರಿಕೆಗೆ ಎರಡನೆಯದೇ ಸರಿ. ಆದರೆ ಆಗ ಒಂದೇ ದಾಖಲೆ ಎಂಟೆಂಟು ಸಲ ಕೈಗೆ ಬರುತ್ತದೆ. ಬಂದಾಗಲೆಲ್ಲ ಮೊತ್ತಕ್ಕೆ ಕೂಡಿಸುತ್ತ ಹೋದರೆ ತುಂತುರೂ ಪ್ರವಾಹವಾಗುತ್ತದೆ. ಮಾಪಕದ ಸಂಖ್ಯೆ ಮತ್ತು ಮಳೆಯ ಹೊತ್ತು, ಈ ಜೋಡಿಗೆ ಒಂದೇ ಲೆಕ್ಕ ಎಂಬ ಕಟ್ಟು ಇರಲೇಬೇಕು.

ಪ್ರತಿ ಮಾಪಕಕ್ಕೂ ಬೇರೆ ಗುರುತು ಇಟ್ಟರೆ? ನಮ್ಮ ಸಂಜೆಗೆ ಅದು ಸಾಕಾಗುತ್ತಿತ್ತು. ಮಾಸ್ತಿಯ ಗುರುತು ಮುಂದೆ ಹೋದರೂ ಲಕ್ಕೂರಿನದು 6:00ರಲ್ಲೇ ನಿಂತಿರುತ್ತಿತ್ತು. ಆದರೆ ಕೆಲವು ಯಂತ್ರಗಳು ಜಾಲ ಸಿಕ್ಕೊಡನೆ ಹೊಸ ದಾಖಲೆಯನ್ನು ಮೊದಲು ಕಳಿಸಿ, ಬಾಕಿಯನ್ನು ಆಮೇಲೆ ತೀರಿಸುತ್ತವೆ. 8:15ರದು ಬಂದು ಗುರುತು ಅಲ್ಲಿಗೆ ಹಾರಿದ ಮೇಲೆ 6:15ರದು ಬಂದರೆ ಮತ್ತೆ ಅದೇ ಕಥೆ.

ಮೂಲದ ಗಡಿಯಾರವನ್ನೇ ನಂಬುವುದರಲ್ಲಿ ಇನ್ನೊಂದು ಅಪಾಯವಿದೆ. ಒಂದು ಮಾಪಕ ಭಾರತೀಯ ಸಮಯವನ್ನು ಬರೆದು, ಅದನ್ನು ಗ್ರೀನಿಚ್ ಸಮಯವೆಂದು ಹೆಸರಿಸಿ ಕಳಿಸಿತು ಎನ್ನಿ. ಓದುವ ಕಡೆ ಅದಕ್ಕೆ 5:30 ಗಂಟೆ ಕೂಡಿಸುತ್ತಾರೆ. ಸಂಜೆ 6ರ ದಾಖಲೆ ರಾತ್ರಿ 11:30ರದಾಗುತ್ತದೆ. ಎಲ್ಲರಿಗೂ ಸೇರಿ ಒಂದೇ ಗುರುತು ಇದ್ದರೆ ಅದು ಆ ಹೊತ್ತಿಗೆ ಹಾರಿ, ಐದೂವರೆ ಗಂಟೆ ಕಾಲ ಉಳಿದ ಎಲ್ಲ ಊರಿನ ಮಳೆಯೂ ಕಾಣದಾಗುತ್ತದೆ. ಈಗಿನ ಹೊತ್ತಿಗಿಂತ ಮುಂದಿನ ದಾಖಲೆ ಬಂದರೆ ಅದರಿಂದ ಗುರುತು ಸರಿಸಬಾರದು, ಬದಿಗಿಟ್ಟು ಗಡಿಯಾರ ನೋಡಿಸಬೇಕು.

ನನ್ನ ಅಭಿಪ್ರಾಯದಲ್ಲಿ ಎರಡು ಹೊತ್ತುಗಳಿಗೂ ಬೇರೆ ಬೇರೆ ಕೆಲಸ ಕೊಡುವುದೇ ಸರಿ. ನಾನು ಯಾವುದನ್ನು ಇನ್ನೂ ನೋಡಿಲ್ಲ ಎಂಬ ಪ್ರಶ್ನೆಗೆ ತಲುಪಿದ ಹೊತ್ತು ಉತ್ತರ ಕೊಡಬೇಕು:

```sql
SELECT * FROM rain
WHERE received_at >= :last_seen - INTERVAL '10 minutes';
```

`received_at` ಅನ್ನು ಸ್ವೀಕರಿಸುವ ಕಂಪ್ಯೂಟರೇ ಹಾಕುತ್ತದೆ, ಮಾಪಕಕ್ಕೆ ಅದರ ಮೇಲೆ ಅಧಿಕಾರವಿಲ್ಲ. ಆರು ಗಂಟೆಯ ಮಳೆ ಎಂಟಕ್ಕೆ ಬಂದರೂ, ನಾಳೆ ಬಂದರೂ ಹೊಸದಾಗಿಯೇ ಕಾಣುತ್ತದೆ. ಹತ್ತು ನಿಮಿಷ ಹಿಂದೆ ಇಟ್ಟದ್ದಕ್ಕೂ ಕಾರಣವಿದೆ. ಹೊತ್ತು ಬರೆದ ಕ್ಷಣಕ್ಕೂ ದಾಖಲೆ ಇತರರಿಗೆ ಕಾಣುವ ಕ್ಷಣಕ್ಕೂ ನಡುವೆ ತುಸು ಅಂತರ ಇರಬಹುದು. ತಪಾಸಣೆ ಆ ಸಂದಿಯಲ್ಲಿ ಬಿದ್ದರೆ ಒಂದೆರಡು ಸಾಲು ಜಾರಿಹೋಗುತ್ತವೆ.

ಮಳೆ ಯಾವ ದಿನಕ್ಕೆ ಸೇರಬೇಕು ಎಂಬುದನ್ನು ಮಾತ್ರ ಮಳೆಯ ಹೊತ್ತೇ ಹೇಳಬೇಕು. ಮಳೆಯ ದಿನ ಬೆಳಿಗ್ಗೆ 8:30ರಿಂದ ಮಾರನೆಯ ಬೆಳಿಗ್ಗೆ 8:30ರವರೆಗೆ. ಬೆಳಗಿನ ಜಾವ ಬಿದ್ದ 3 ಮಿ.ಮೀ. 9 ಗಂಟೆಗೆ ತಲುಪಿತೆಂದು ಅದನ್ನು ಹೊಸ ದಿನಕ್ಕೆ ಸೇರಿಸಿದರೆ ಎರಡು ದಿನದ ಲೆಕ್ಕ ಕೆಡುತ್ತದೆ. ದಿನಕ್ಕೆ 2.5 ಮಿ.ಮೀ. ಬಿದ್ದರೆ ಅದು ಮಳೆಯ ದಿನ, ಇಲ್ಲದಿದ್ದರೆ ಅಲ್ಲ. ಮಾವಿನಂಥ ಬೆಳೆಗಳಿಗಿರುವ ಹವಾಮಾನ ಆಧಾರಿತ ವಿಮೆಯಲ್ಲಿ ಇಂಥ ಮಳೆ ಲೆಕ್ಕಗಳ ಮೇಲೆ ರೈತನ ಹಣ ನಿಂತಿರುತ್ತದೆ.

ಈಗಾಗಲೇ ಓಡುತ್ತಿರುವ ತಪಾಸಣೆ ಹೀಗೆ ಕುರುಡಾಗಿದೆಯೇ ಎಂದು ತಿಳಿಯಲು ಹೊಸ ಸಾಧನವೇನೂ ಬೇಡ. ಅದು ಆ ದಿನ ಎಣಿಸಿದ್ದನ್ನು ಬರೆದಿಟ್ಟು, ಮೂರು ದಿನದ ನಂತರ ಅದೇ ದಿನದ ಕೋಷ್ಟಕವನ್ನು ಮೊದಲಿನಿಂದ ಕೂಡಿ, ಮಾಪಕ ಮಾಪಕಕ್ಕೆ ಹೋಲಿಸಿದರೆ ಸಾಕು. ಲಕ್ಕೂರಿಗೆ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ 67 ಎಂದು ಬಂದರೆ ಕಾರಣ ಹುಡುಕುತ್ತ ಅಲೆಯಬೇಕಾಗಿಲ್ಲ.

ಎರಡು ದಿನ ಮಾತೇ ಆಡದ ಮಾಪಕಕ್ಕೆ ಇದಾವುದೂ ಮದ್ದಲ್ಲ. ಅಂಥ ಊರಿನ ಎದುರು ಸೊನ್ನೆ ಬರೆಯದೆ 'ಬಂದಿಲ್ಲ' ಎಂದು ಬರೆಯಬೇಕು. ನಮ್ಮ ಸಂಜೆಯಲ್ಲೂ 6:20ರ ತಪಾಸಣೆ ಅಷ್ಟನ್ನು ಹೇಳಬಹುದಿತ್ತು: ಲಕ್ಕೂರಿನಿಂದ 6:00ರ ನಂತರ ಏನೂ ಬಂದಿಲ್ಲ, ಮಾಸ್ತಿಯಲ್ಲಿ ಮಳೆ ಇದೆ. ಅಷ್ಟು ತಿಳಿದರೆ ತಹಶೀಲ್ದಾರ್ ಕಚೇರಿಯಿಂದ ಯಾರಾದರೂ ಊರಿಗೊಂದು ಫೋನ್ ಮಾಡಿ ಕೇಳಬಹುದು. ಸಿಗ್ನಲ್ ಬಂದ ಮೇಲೆ 8:20ಕ್ಕೆ ಹೋಗುವ ಎಚ್ಚರಿಕೆಯಲ್ಲಿ ಎರಡು ಹೊತ್ತೂ ಇರಬೇಕು: ಲಕ್ಕೂರಿನಲ್ಲಿ ಸಂಜೆ 6ರಿಂದ 8ರವರೆಗೆ 67 ಮಿ.ಮೀ., ಸುದ್ದಿ ತಲುಪಿದ್ದು 8:10ಕ್ಕೆ.