ಅರ್ಜಿಯಲ್ಲಿ ಕಾಯಿಲೆಯ ಹೆಸರೇಕೆ?
ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಅನುದಾನಿತ ಶಾಲೆಯ ಶಿಕ್ಷಕಿಯೊಬ್ಬರು ಶಸ್ತ್ರಚಿಕಿತ್ಸೆಗೆಂದು ಎರಡು ತಿಂಗಳ ರಜೆ ಕೇಳುತ್ತಾರೆನ್ನಿ. ಅರ್ಜಿ ಆಡಳಿತ ಮಂಡಳಿ ಮುಟ್ಟುವ ಮೊದಲೇ ಗುಮಾಸ್ತರ ಕೈ ದಾಟುತ್ತದೆ, ಆವಕ ವಹಿ ಏರುತ್ತದೆ. ಊರಿಗೆ ಸುದ್ದಿಯಾಗಲು ಅಷ್ಟು ಸಾಕು. ಆದ್ದರಿಂದ ಅರ್ಜಿಯಲ್ಲಿ ‘ವೈದ್ಯರ ಸಲಹೆಯಂತೆ ಚಿಕಿತ್ಸೆ ಮತ್ತು ವಿಶ್ರಾಂತಿಗಾಗಿ’ ಎಂಬ ಒಂದು ಸಾಲು, ರಜೆಯ ಆರಂಭ ಮತ್ತು ಕೊನೆಯ ದಿನಾಂಕ, ಪಾಠ ವಹಿಸಿಕೊಳ್ಳುವವರ ಹೆಸರು ಇದ್ದರೆ ಸಾಕು. ಕಾಯಿಲೆಯ ಹೆಸರು ಬರುವುದು ವೈದ್ಯಕೀಯ ಪ್ರಮಾಣಪತ್ರದಲ್ಲಿ. ಅದನ್ನು ‘ಗೋಪ್ಯ’ ಎಂದು ಬರೆದ ಮುಚ್ಚಿದ ಲಕೋಟೆಯಲ್ಲಿಟ್ಟು ಮುಖ್ಯಗುರುಗಳ ಕೈಗೇ ಕೊಡುವುದು ಲೇಸು. ಲೆಕ್ಕವನ್ನೂ ನೋಡಿಕೊಳ್ಳಬೇಕು: ಸೇವಾ ನಿಯಮದಂತೆ ಅರ್ಧವೇತನ ರಜೆ ವರ್ಷಕ್ಕೆ 20 ದಿನ, ಪೂರ್ಣ ಸಂಬಳದ ಪರಿವರ್ತಿತ ರಜೆ 60 ದಿನ ಪಡೆದರೆ ಖಾತೆಯಿಂದ 120 ದಿನ, ಅಂದರೆ ಆರು ವರ್ಷದ ಗಳಿಕೆ, ಕಳೆಯುತ್ತದೆ. ಮರಳುವ ದಿನ ದೈಹಿಕ ಅರ್ಹತೆಯ ಪ್ರಮಾಣಪತ್ರ ತರಬೇಕು. ಅಲ್ಲೂ ‘ಕೆಲಸಕ್ಕೆ ಅರ್ಹರು’ ಎಂದರಾಯಿತು, ಚಿಕಿತ್ಸೆಯ ಕಥೆ ಬೇಡ.