ಬಿಲ್ಲಿನಲ್ಲಿ ಕಡಿದುಕೊಂಡ ಎರಡು ಪರ್ಸೆಂಟು: ಗುತ್ತಿಗೆದಾರ ಬಂಧುಗಳಲ್ಲೊಂದು ಮನವಿ



ದಾವಣಗೆರೆಯಲ್ಲಿ ಕೂತು ನಿಮ್ಮಂಥವರ ಲೆಕ್ಕ ಬರೆಯುವವನು ನಾನು. ಆರ್‌.ಎ. ಬಿಲ್ ಪಾಸಾದ ದಿನ ನೀವು ತಂದು ಮೇಜಿನ ಮೇಲಿಡುವ ಚೀಟಿ ನನಗೆ ಬಾಯಿಪಾಠವಾಗಿದೆ. ಮೇಲೆ ಕೆಲಸದ ಮೊತ್ತ, ಅದರ ಕೆಳಗೆ ಸಾಲಾಗಿ ಕಡಿತಗಳು: ಆದಾಯ ತೆರಿಗೆ, ಜಿ.ಎಸ್‌.ಟಿ. ಟಿ.ಡಿ.ಎಸ್‌., ಕಾರ್ಮಿಕ ಸೆಸ್, ಎಫ್‌.ಎಸ್‌.ಡಿ., ರಾಯಲ್ಟಿ. ಕೊನೆಯ ಸಾಲು ನೋಡಿ ನೀವು ಬಿಡುವ ನಿಟ್ಟುಸಿರೂ ನನಗೆ ಗೊತ್ತು. ಈ ಸಾಲುಗಳಲ್ಲಿ ಒಂದನ್ನು, ಅಂದರೆ ಆದಾಯ ತೆರಿಗೆಯದನ್ನು, ಕಾನೂನಿನ ಪ್ರಕಾರವೇ ಕಡಿಮೆ ಮಾಡಿಸಿಕೊಳ್ಳಲು ದಾರಿಯಿದೆ. ಉಳಿದವಕ್ಕೆ ಈ ದಾರಿ ನಡೆಯುವುದಿಲ್ಲ.

ಗುತ್ತಿಗೆದಾರ ಒಂಟಿ ವ್ಯಕ್ತಿಯಾದರೆ 1%, ಪಾಲುದಾರಿಕೆ ಫರ್ಮ್ ಅಥವಾ ಕಂಪನಿಯಾದರೆ 2% ಕಡಿಯುತ್ತಾರೆ. ಕಡಿಯುವುದು ಲಾಭದಿಂದಲ್ಲ, ಇಡೀ ಬಿಲ್ಲಿನಿಂದ. ಜಲ್ಲಿ, ಸಿಮೆಂಟು, ಕೂಲಿ ಎಲ್ಲದರ ದುಡ್ಡೂ ಅದರೊಳಗಿರುತ್ತದೆ. ಫರ್ಮಿಗೆ ತೆರಿಗೆ ದರ ಸೆಸ್ ಸೇರಿ 31.2%. ಹಾಗಾಗಿ ಪಾಲುದಾರರ ಸಂಬಳ, ಬಡ್ಡಿ ಕಳೆದ ಮೇಲೆ ನಿಮ್ಮ ಫರ್ಮಿನ ಆದಾಯ ಒಟ್ಟು ಬಿಲ್ಲಿನ ಸುಮಾರು 6.4% ಮುಟ್ಟಿದರೆ ಕಡಿತಕ್ಕೂ ತೆರಿಗೆಗೂ ಸರಿಹೋಯಿತು. ಅದಕ್ಕಿಂತ ಕೆಳಗಿದ್ದರೆ ಸರ್ಕಾರದ ಹತ್ತಿರ ನಿಮ್ಮ ದುಡ್ಡು ಕೂತಿದೆ ಎಂದರ್ಥ. ಮೇಲಿದ್ದರೆ ಈ ಪತ್ರ ನಿಮಗಲ್ಲ.

ನನ್ನ ಕಡತದ ಒಂದು ಫರ್ಮಿನ ಲೆಕ್ಕ ಹೇಳುತ್ತೇನೆ. ಅಣ್ಣ, ತಮ್ಮ, ಭಾವ ಮೂವರ ಪಾಲುದಾರಿಕೆ. ರಸ್ತೆ ಮತ್ತು ಚರಂಡಿ ಕೆಲಸ. ವರ್ಷದ ಬಿಲ್, ಜಿ.ಎಸ್‌.ಟಿ. ಬಿಟ್ಟು, 4 ಕೋಟಿ. ಖರ್ಚೆಲ್ಲ ಕಳೆದು ಉಳಿದದ್ದು 24 ಲಕ್ಷ. ಅದರಲ್ಲಿ ಪಾಲುದಾರರ ಬಂಡವಾಳದ ಬಡ್ಡಿ 4 ಲಕ್ಷ, ಸಂಬಳ 12 ಲಕ್ಷ. ಫರ್ಮಿನ ಆದಾಯ 8 ಲಕ್ಷ, ತೆರಿಗೆ 2,49,600 ರೂಪಾಯಿ. ಬಿಲ್ಲುಗಳಲ್ಲಿ ಕಡಿದದ್ದು 8 ಲಕ್ಷ. ಹೆಚ್ಚಿಗೆ ಹೋದದ್ದು ಐದೂವರೆ ಲಕ್ಷ.

ಆ ದುಡ್ಡು ವಾಪಸ್ ಬರುತ್ತದಲ್ಲ ಎನ್ನುತ್ತೀರಿ. ಬರುತ್ತದೆ. ಆದರೆ ಆಡಿಟ್ ಮುಗಿದು, ರಿಟರ್ನ್ ಹೋಗಿ, ಅದು ಪ್ರೊಸೆಸ್ ಆದ ಮೇಲೆ. ಜೂನ್‌ನಲ್ಲಿ ಕಡಿದದ್ದು ಮುಂದಿನ ವರ್ಷದ ದೀಪಾವಳಿ ದಾಟಿ ಕೈಗೆ ಬಂದರೂ ಬಂತು. ಸರ್ಕಾರ ಕೊಡುವ ಬಡ್ಡಿ ತಿಂಗಳಿಗೆ 0.5%, ಅದೂ ವರ್ಷ ಮುಗಿದ ನಂತರದ ಏಪ್ರಿಲ್‌ನಿಂದ. ಕಡಿದ ದಿನದಿಂದ ಮಾರ್ಚ್‌ವರೆಗಿನ ಕಾಲಕ್ಕೆ ಚಿಕ್ಕಾಸೂ ಇಲ್ಲ. ಆ ಹೊತ್ತಿನಲ್ಲಿ ಕೂಲಿ ಬಟವಾಡೆಗೆ ನೀವು ಓ.ಡಿ. ಎಳೆದು ಬ್ಯಾಂಕಿಗೆ ಬಡ್ಡಿ ಕಟ್ಟುತ್ತಿರುತ್ತೀರಿ.

ದಾರಿ ಹೊಸದಲ್ಲ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಅದು 197ನೇ ಸೆಕ್ಷನ್. 2026ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ 395. ಆಡಿಟರುಗಳು ಇನ್ನೂ ‘ಫಾರಂ ಹದಿಮೂರು’ ಎಂದೇ ಕರೆಯುತ್ತಾರೆ. ಟ್ರೇಸಸ್ ಪೋರ್ಟಲ್‌ನಲ್ಲಿ ಫರ್ಮಿನ ಪ್ಯಾನ್‌ನಿಂದ ಲಾಗಿನ್ ಆಗಿ ಅರ್ಜಿ ಹಾಕಬೇಕು. ಅದು ಟಿ.ಡಿ.ಎಸ್‌. ವಿಭಾಗದ ಅಧಿಕಾರಿಯ ಮುಂದೆ ಹೋಗುತ್ತದೆ. ಅವರು ಈ ವರ್ಷದ ಅಂದಾಜು ಆದಾಯಕ್ಕೆ ಬರುವ ತೆರಿಗೆ, ಹಿಂದಿನ ನಾಲ್ಕು ವರ್ಷದ ಲೆಕ್ಕ, ನಿಮ್ಮ ಮೇಲಿರುವ ಹಳೆ ಬಾಕಿ ಎಲ್ಲ ನೋಡಿ ಒಂದು ದರ ನಿಗದಿ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ. ಮೇಲಿನ ಫರ್ಮಿಗೆ ಬೇಕಾದದ್ದು 0.62% ಚಿಲ್ಲರೆ. ನಾವು 0.65 ಕೇಳಿದೆವು, 0.75 ಕೊಟ್ಟರು. 8 ಲಕ್ಷದ ಜಾಗದಲ್ಲಿ ಕಡಿತ 3 ಲಕ್ಷಕ್ಕೆ ಇಳಿಯಿತು. ಐದು ಲಕ್ಷ ವರ್ಷಪೂರ್ತಿ ಕೈಯಲ್ಲೇ ಉಳಿಯಿತು.

ಇಷ್ಟು ಸಲೀಸಾಗಿ ಹೇಳಿದೆನಾದರೂ ಅದರ ಹಿಂದಿನ ವರ್ಷ ನಾವೇ ಎಡವಿದ್ದೆವು. ಅರ್ಜಿ ಹಾಕಿದ್ದು ನವೆಂಬರ್‌ನಲ್ಲಿ, ಸರ್ಟಿಫಿಕೇಟ್ ಬಂದದ್ದು ಡಿಸೆಂಬರ್ ಕೊನೆಗೆ. ಅಷ್ಟರೊಳಗೆ ಎರಡೂವರೆ ಕೋಟಿ ಬಿಲ್ ಪಾಸಾಗಿ 5 ಲಕ್ಷ ಹೋಗಿಯೇ ಬಿಟ್ಟಿತ್ತು. ಸರ್ಟಿಫಿಕೇಟು ಕೊಟ್ಟ ದಿನದಿಂದ ಮುಂದಕ್ಕೆ, ಆ ಮಾರ್ಚ್ 31ರವರೆಗೆ ಮಾತ್ರ ನಡೆಯುತ್ತದೆ. ಹಿಂದಕ್ಕೆ ಹೋಗುವುದಿಲ್ಲ. ಅದಕ್ಕೇ ನನ್ನ ಮೊದಲ ಬೇಡಿಕೆ: ಏಪ್ರಿಲ್‌ನಲ್ಲೇ ಹಾಕಿ. ಅರ್ಜಿಯನ್ನು ಒಂದು ತಿಂಗಳಲ್ಲಿ ತೀರ್ಮಾನಿಸಬೇಕೆಂದು ಇಲಾಖೆ ತನ್ನ ಅಧಿಕಾರಿಗಳಿಗೆ ಹೇಳಿದೆ. ಕಾಗದ ಅರೆಬರೆಯಾಗಿದ್ದರೆ ಆ ತಿಂಗಳು ಪತ್ರ ವ್ಯವಹಾರದಲ್ಲೇ ಕಳೆಯುತ್ತದೆ.

ಎರಡನೆಯದು ಟ್ಯಾನ್. ಕಡಿತ ಮಾಡುವ ಪ್ರತಿ ಡಿವಿಷನ್ನಿಗೂ ಅದರದೇ ಟ್ಯಾನ್ ಸಂಖ್ಯೆ ಇರುತ್ತದೆ. ಸರ್ಟಿಫಿಕೇಟು ಆ ಟ್ಯಾನ್‌ಗೆ, ಅದರಲ್ಲಿ ಬರೆದ ಮೊತ್ತದವರೆಗೆ ಮಾತ್ರ ಅನ್ವಯ. ಆ ಎಡವಿದ ವರ್ಷ ನಮ್ಮ ಅಣ್ಣತಮ್ಮಂದಿರು ಎರಡು ಡಿವಿಷನ್ ಬರೆಸಿ ಮೂರನೆಯದನ್ನು ಮರೆತಿದ್ದರು. ಅಲ್ಲಿ 40 ಲಕ್ಷದ ಬಿಲ್ಲಿಗೆ 2% ಹೋಯಿತು. “ಕಾಗದ ತೋರಿಸಿದೆ ಸಾರ್, ಇದರಲ್ಲಿ ನಮ್ಮ ನಂಬರೇ ಇಲ್ಲ ಅಂತ ವಾಪಸ್ ಕೊಟ್ಟರು” ಎಂದು ತಮ್ಮ ಬಂದು ನಿಂತ. ಕೇಸ್ ವರ್ಕರ್ ಹೇಳಿದ್ದು ಸರಿಯೇ ಇತ್ತು. ಹಳೆ 26ಎ.ಎಸ್‌. ತೆಗೆದರೆ ಯಾರ ಟ್ಯಾನ್ ಯಾವುದು ಎಂದು ಸಿಗುತ್ತದೆ. ಕೈಯಲ್ಲಿರುವ ವರ್ಕ್ ಆರ್ಡರ್‌ಗಳನ್ನು ಅದರ ಪಕ್ಕದಲ್ಲಿಟ್ಟುಕೊಂಡು ಪ್ರತಿ ಕಚೇರಿಯಿಂದ ಈ ವರ್ಷ ಎಷ್ಟು ಬರಬಹುದೆಂದು ಬರೆಯಿರಿ. ಮೊತ್ತ ತೀರಾ ಬಿಗಿಯಾಗಿ ಬರೆದರೆ ಮಿತಿ ದಾಟಿದ ದಿನ ಮತ್ತೆ 2% ಶುರು.

ಹಳೆ ಬಾಕಿ ಇದ್ದರೆ ಅರ್ಜಿ ಅಲ್ಲೇ ಮುಗ್ಗರಿಸುತ್ತದೆ. ಎಂದೋ ಬಂದ 18 ಸಾವಿರದ ಡಿಮ್ಯಾಂಡ್ ನೋಟಿಸನ್ನು ಡ್ರಾಯರಿನಲ್ಲಿಟ್ಟು ಮರೆತವರಿದ್ದಾರೆ. ತಪ್ಪಿದ್ದರೆ ತಿದ್ದಿಸಿ, ಸರಿಯಿದ್ದರೆ ಕಟ್ಟಿ, ಆಮೇಲೆ ಅರ್ಜಿ. ಸಬ್ ಕಂಟ್ರಾಕ್ಟರಿಗೆ ಕೊಟ್ಟ ದುಡ್ಡಿನ ಟಿ.ಡಿ.ಎಸ್‌. ನೀವೇ ಕಟ್ಟಿಲ್ಲದಿದ್ದರೂ ಪ್ರಶ್ನೆ ಬರುತ್ತದೆ. ಪಾಲುದಾರರ ಸಂಬಳ, ಬಡ್ಡಿಯ ಮೇಲೂ ಫರ್ಮು 10% ಕಡಿಯಬೇಕೆಂಬ ನಿಯಮ 2025ರ ಏಪ್ರಿಲ್‌ನಿಂದ ಬಂದಿದೆ. ಬಹಳ ಮಂದಿಗೆ ಅದರ ಸುದ್ದಿಯೇ ಮುಟ್ಟಿಲ್ಲ.

ಅಂದಾಜು ಲೆಕ್ಕವನ್ನು ಬೇಕೆಂದೇ ಇಳಿಸಬೇಡಿ. ನಾಲ್ಕು ವರ್ಷ 6% ತೋರಿಸಿದವರು ಈ ಸಲ 2% ಎಂದು ಬರೆದರೆ ಅಧಿಕಾರಿ ಕೇಳದೆ ಬಿಡುವುದಿಲ್ಲ. ಟಾರಿನ ಬೆಲೆ ಏರಿದ್ದರೆ ಹಳೆ ಬಿಲ್, ಹೊಸ ಬಿಲ್ ಎರಡನ್ನೂ ಲಗತ್ತಿಸಿ. ಲಾಭ ಅಂದಾಜಿಗಿಂತ ಹೆಚ್ಚಾದರೆ ಆ ವ್ಯತ್ಯಾಸವನ್ನು ಮುಂಗಡ ತೆರಿಗೆಯಾಗಿ ಕಟ್ಟಲೇಬೇಕು, ಇಲ್ಲದಿದ್ದರೆ ಬಡ್ಡಿ ಬೀಳುತ್ತದೆ.

ಇನ್ನು ಕಚೇರಿಗಳಲ್ಲಿ ಬಿಲ್ ಬರೆಯುವ ನೌಕರ ಮಿತ್ರರಲ್ಲಿ ಎರಡು ಮಾತು. ಗುತ್ತಿಗೆದಾರ ತಂದ ಕಾಗದ ಅಸಲಿಯೋ ಅಲ್ಲವೋ ಎಂಬ ಅನುಮಾನ ನಿಮಗೆ ಸಹಜ. ಸರ್ಟಿಫಿಕೇಟ್ ಸಂಖ್ಯೆಯನ್ನು ಟ್ರೇಸಸ್‌ನಲ್ಲೇ ಹಾಕಿ ನೋಡಬಹುದು, ದರ, ಮಿತಿ, ಎಷ್ಟು ಬಳಕೆಯಾಗಿದೆ ಎಲ್ಲ ತೋರಿಸುತ್ತದೆ. ತ್ರೈಮಾಸಿಕ ಲೆಕ್ಕದಲ್ಲಿ ಆ ಸಂಖ್ಯೆ ನಮೂದಿಸಿದರೆ ಕಡಿಮೆ ಕಡಿದಿರಿ ಎಂಬ ನೋಟಿಸು ನಿಮಗೆ ಬರುವುದಿಲ್ಲ. ಬಿಟ್ಟರೆ ಖಂಡಿತ ಬರುತ್ತದೆ. ಎರಡನೆಯದು, ಜಿ.ಎಸ್‌.ಟಿ.ಯನ್ನು ಬೇರೆಯಾಗಿ ತೋರಿಸಿದ ಬಿಲ್ಲಿನಲ್ಲಿ ಅದನ್ನು ಬಿಟ್ಟು ಆದಾಯ ತೆರಿಗೆ ಕಡಿಯಬೇಕೆಂದು 2017ರ 23ನೇ ಸುತ್ತೋಲೆ ಹೇಳುತ್ತದೆ. 20 ಲಕ್ಷದ ಕೆಲಸಕ್ಕೆ 3,60,000 ಜಿ.ಎಸ್‌.ಟಿ. ಇದ್ದರೆ ಕಡಿಯಬೇಕಾದದ್ದು 40,000, 47,200 ಅಲ್ಲ. ಇದಕ್ಕೆ ಯಾವ ಸರ್ಟಿಫಿಕೇಟೂ ಬೇಡ.

ಗುತ್ತಿಗೆದಾರರೇ, ನಿಮ್ಮ ಮುಂದಿನ ಬಿಲ್ ಚೀಟಿ ಬಂದಾಗ ಮೊದಲು ಆದಾಯ ತೆರಿಗೆಯ ಸಾಲನ್ನು ಕೆಲಸದ ಮೊತ್ತದಿಂದ ಭಾಗಿಸಿ ನೋಡಿ. ಆಮೇಲೆ ಹೋದ ವರ್ಷದ ರಿಟರ್ನ್ ತೆಗೆದುಕೊಂಡು ನಿಮ್ಮ ಆಡಿಟರ ಹತ್ತಿರ ಹೋಗಿ.