ಬಾಣಲೆಯ ಎಣ್ಣೆಗೂ ಒಂದು ವಹಿವಾಟು ದರವಿದೆ

ಕರಿದ ತಿಂಡಿಗಳನ್ನು ತಯಾರಿಸುವ ಸಣ್ಣ ಘಟಕಗಳ ಲೆಕ್ಕಪುಸ್ತಕಗಳಲ್ಲಿ ಎಣ್ಣೆಯ ಖರೀದಿ ಪ್ರತಿ ಟಿನ್ನಿನವರೆಗೂ ದಾಖಲಾಗಿರುತ್ತದೆ. ಆದರೆ ಬಳಸಿ ಹೊರಹಾಕಿದ ಎಣ್ಣೆಯ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಖರೀದಿಸಿದ ಎಣ್ಣೆಯೆಲ್ಲವೂ ತಿಂಡಿಯೊಂದಿಗೇ ಪೊಟ್ಟಣ ಸೇರಿತೆಂದು ಇದರ ಅರ್ಥ. ಬಾಣಲೆಯನ್ನು ಎಂದೂ ಪೂರ್ತಿ ಖಾಲಿ ಮಾಡದೆ, ಕಡಿಮೆಯಾದಷ್ಟು ಹೊಸ ಎಣ್ಣೆಯನ್ನು ಸುರಿಯುತ್ತಾ ಹೋಗುವ ಪದ್ಧತಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಈ ಪದ್ಧತಿ ಸದಾ ತಪ್ಪೆಂದು ಹೇಳಲಾಗದು. ಅದು ಯಾವಾಗ ಸರಿ, ಯಾವಾಗ ತಪ್ಪು ಎಂಬುದನ್ನು ಉದ್ಯಮಿಗಳು ಅರಿಯುವುದು ಅಗತ್ಯ. ದಾಸ್ತಾನಿನ ವಹಿವಾಟು ದರವನ್ನು ಬಲ್ಲ ವ್ಯಾಪಾರಿಗೆ ಇದು ಕಷ್ಟದ ವಿಷಯವೇನಲ್ಲ.

ಉದಾಹರಣೆಗೆ, 40 ಕಿಲೋ ಪಾಮೋಲಿನ್ ಹಿಡಿಯುವ ಬಾಣಲೆಯುಳ್ಳ ಒಂದು ಖಾರಾ ತಯಾರಿಕಾ ಘಟಕವನ್ನು ಊಹಿಸಿಕೊಳ್ಳೋಣ. ದೀಪಾವಳಿಯ ಸಮಯದಲ್ಲಿ ಅಲ್ಲಿ ದಿನಕ್ಕೆ 100 ಕಿಲೋ ಮಾಲು ತಯಾರಾಗುತ್ತದೆ. ಸಿದ್ಧ ಮಾಲಿನ ತೂಕದಲ್ಲಿ ಶೇ. 30ರಷ್ಟು ಎಣ್ಣೆಯೆಂದು ಇಟ್ಟುಕೊಂಡರೆ, ದಿನಕ್ಕೆ 30 ಕಿಲೋ ಎಣ್ಣೆ ತಿಂಡಿಯೊಂದಿಗೆ ಹೊರಹೋಗಿ ಅಷ್ಟೇ ಹೊಸ ಎಣ್ಣೆ ಬಾಣಲೆ ಸೇರುತ್ತದೆ. ಸುಮಾರು 1.3 ದಿನಕ್ಕೊಮ್ಮೆ ಬಾಣಲೆಯಷ್ಟು ಎಣ್ಣೆ ಬದಲಾಗುವುದರಿಂದ ಅದು ಕೆಡಲು ಸಿಗುವ ಅವಧಿ ಕಡಿಮೆ. ಆಷಾಢದಲ್ಲಿ ಬೇಡಿಕೆ ಕುಸಿದು ಉತ್ಪಾದನೆ ದಿನಕ್ಕೆ 25 ಕಿಲೋಗೆ ಇಳಿಯಿತೆನ್ನೋಣ. ಆಗ ಹೊರಹೋಗುವುದು ಏಳೂವರೆ ಕಿಲೋ ಮಾತ್ರ. ಅದೇ ಬಾಣಲೆ, ಅದೇ ಉರಿ, ಅದೇ ಎಂಟು ಗಂಟೆಯ ಕಾಯಿಸುವಿಕೆ. ಆದರೆ ಎಣ್ಣೆ ಬದಲಾಗಲು ಐದು ದಿನಕ್ಕಿಂತ ಹೆಚ್ಚು ಬೇಕು. ಹಬ್ಬದಲ್ಲಿ ಬಾರದ ದೂರು ಮಳೆಗಾಲದಲ್ಲಿ ಬರುವುದಕ್ಕೆ ಇದೇ ಮುಖ್ಯ ಕಾರಣ.

ಕೆಡುವ ಬಗೆ

ಕಾದ ಎಣ್ಣೆಯನ್ನು ಮೂರು ಶಕ್ತಿಗಳು ಕೆಡಿಸುತ್ತವೆ. ಹಿಟ್ಟಿನ ನೀರಿನಂಶವು ಎಣ್ಣೆಯನ್ನು ಒಡೆದು ಕೊಬ್ಬಿನಾಮ್ಲಗಳನ್ನು ಬಿಡುಗಡೆ ಮಾಡುತ್ತದೆ. ಇವು ಹೆಚ್ಚಿದಂತೆ ಎಣ್ಣೆ ಕಡಿಮೆ ಉಷ್ಣಕ್ಕೇ ಹೊಗೆಯಾಡುತ್ತದೆ. ಗಾಳಿಯ ಆಮ್ಲಜನಕವು ಕಮಟು ವಾಸನೆಗೆ ಕಾರಣವಾಗುತ್ತದೆ. ದೀರ್ಘ ಕಾಲದ ಶಾಖವು ಎಣ್ಣೆಯ ಅಣುಗಳನ್ನು ಒಂದಕ್ಕೊಂದು ಬೆಸೆದು ಅದನ್ನು ಮಂದವಾಗಿಸುತ್ತದೆ. ಬಾಣಲೆಯ ಅಂಚಿಗೆ ಅಂಟುವ ಜಿಗುಟಾದ ಕಂದು ಪದರ ಇದರದೇ ಫಲ.

ಬಣ್ಣವೊಂದನ್ನೇ ನೆಚ್ಚುವುದು ಸರಿಯಲ್ಲ. ಮೆಣಸಿನಪುಡಿ ಬೆರೆತ ಖಾರಾ ಕರಿದರೆ ಒಳ್ಳೆಯ ಎಣ್ಣೆಯೂ ಬೇಗ ಕೆಂಪೇರುತ್ತದೆ. ತಳದಲ್ಲಿ ಕರಕಲಾದ ಕಡಲೆಹಿಟ್ಟು ಅದನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಬರಿದೇ ಕಾಯುತ್ತಿದ್ದ ಎಣ್ಣೆ ತಿಳಿಯಾಗಿ ಕಂಡರೂ ಒಳಗೆ ಕೆಟ್ಟಿರಬಹುದು. ನೊರೆ ಹೆಚ್ಚು ನಂಬಲರ್ಹವಾದ ಸೂಚನೆ. ಹಿಟ್ಟು ಬಿದ್ದಾಗ ಏಳುವ ದೊಡ್ಡ ಗುಳ್ಳೆಗಳು ನೀರಾವಿಯವು. ಅವು ತಕ್ಷಣ ಒಡೆಯುತ್ತವೆ. ಕೆಟ್ಟ ಎಣ್ಣೆಯ ನೊರೆ ಸಣ್ಣ ಗುಳ್ಳೆಗಳದು, ಒಡೆಯದೆ ದಟ್ಟವಾಗಿ ಬಾಣಲೆಯ ಅಂಚಿಗೇರುತ್ತದೆ. ಕರಿಯುವ ಸಾಮಾನ್ಯ ಉಷ್ಣವಾದ 170ರಿಂದ 180 ಡಿಗ್ರಿ ಸೆಲ್ಸಿಯಸ್‌ನಲ್ಲೇ ಎಣ್ಣೆ ಹೊಗೆಯಾಡಿದರೆ ಹೆಚ್ಚಿನ ಪರೀಕ್ಷೆಯ ಅಗತ್ಯವಿಲ್ಲ, ಅಂದೇ ಹೊರಹಾಕಬೇಕು.

ಕಾನೂನು ಕಣ್ಣಳತೆಯನ್ನು ಒಪ್ಪುವುದಿಲ್ಲ. ಕೆಟ್ಟ ಎಣ್ಣೆಯಲ್ಲಿ ಸೇರುವ ಬಹುತೇಕ ವಸ್ತುಗಳನ್ನು ಒಟ್ಟಾಗಿ ಅಳೆಯುವ ಮಾನದಂಡಕ್ಕೆ ‘ಟೋಟಲ್ ಪೋಲಾರ್ ಕಾಂಪೌಂಡ್ಸ್’ ಎಂದು ಹೆಸರು. ಇದರ ಪ್ರಮಾಣ ಶೇ. 25ನ್ನು ಮೀರಿದ ಎಣ್ಣೆಯನ್ನು ಬಳಸಕೂಡದೆಂಬ ನಿಯಮವು ಜುಲೈ 1, 2018ರಿಂದ ಜಾರಿಯಲ್ಲಿದೆ. ಕರಿಯಲು ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ದಾಖಲೆ ಇಟ್ಟು, ಬಳಸಿದ ಎಣ್ಣೆಯನ್ನು ಅಧಿಕೃತ ಸಂಗ್ರಹಕಾರರಿಗೇ ಕೊಡಬೇಕೆಂಬ ಆದೇಶವು ಮಾರ್ಚ್ 1, 2019ರಿಂದ ಅನ್ವಯವಾಗಿದೆ. ಮೇಲಿನ ಘಟಕದ 30 ಕಿಲೋ ಬಳಕೆ ಸುಮಾರು 33 ಲೀಟರು ಮಾತ್ರವಾದ್ದರಿಂದ ಈ ಎರಡನೆಯ ಆದೇಶ ತನಗಿಲ್ಲವೆಂದು ಮಾಲೀಕರು ಹೇಳಬಹುದು. ಆದರೆ ಶೇ. 25ರ ಮಿತಿಗೆ ಅಂಥ ವಿನಾಯಿತಿಯಿಲ್ಲ.

ಖರ್ಚೆಷ್ಟು?

ಎಣ್ಣೆ ಹೊರಹಾಕಿದರೆ ನಷ್ಟವಾಗುತ್ತದೆಂಬುದು ಉದ್ಯಮಿಗಳ ಸಾಮಾನ್ಯ ಆಕ್ಷೇಪ. ಅದನ್ನು ಲೆಕ್ಕ ಹಾಕಿಯೇ ನೋಡಬೇಕು. ಲೆಕ್ಕದ ಅನುಕೂಲಕ್ಕಾಗಿ ಹೊಸ ಎಣ್ಣೆಗೆ ಕಿಲೋಗೆ 130 ರೂ., ಬಳಸಿದ ಎಣ್ಣೆಯ ಮಾರಾಟಕ್ಕೆ 45 ರೂ. ಎಂದಿಟ್ಟುಕೊಂಡರೆ, ಹೊರಹಾಕುವ ಪ್ರತಿ ಕಿಲೋಗೆ ನಿವ್ವಳ ವೆಚ್ಚ 85 ರೂ. ಆಗುತ್ತದೆ. ವಾರಕ್ಕೊಮ್ಮೆ 40 ಕಿಲೋ ಹೊರಹಾಕಿದರೆ 3,400 ರೂ. ಹಬ್ಬದ ಕಾಲದ 600 ಕಿಲೋ ಉತ್ಪಾದನೆಗೆ ಹಂಚಿದರೆ ಇದು ಕಿಲೋಗೆ ಆರು ರೂಪಾಯಿಗೂ ಕಡಿಮೆ. ಆಷಾಢದ 150 ಕಿಲೋಗೆ ಹಂಚಿದರೆ ಕಿಲೋಗೆ ಸುಮಾರು 23 ರೂ. ಬೀಳುತ್ತದೆ. ಎಣ್ಣೆ ಬೇಗ ಕೆಡುವ ಕಾಲದಲ್ಲೇ ಅದನ್ನು ಹೊರಹಾಕಲು ಮಾಲೀಕರ ಕೈ ಹಿಂಜರಿಯುವುದಕ್ಕೆ ಇದೇ ಕಾರಣ.

ಪರಿಹಾರವು ಬಾಣಲೆಯ ಗಾತ್ರದಲ್ಲಿದೆ. ಮಂದ ತಿಂಗಳುಗಳಲ್ಲಿ ಒಂದು ಟಿನ್, ಅಂದರೆ 15 ಕಿಲೋ ಹಿಡಿಯುವ ಬಾಣಲೆಯನ್ನು ಬಳಸಿದರೆ ಎರಡೇ ದಿನಗಳಲ್ಲಿ ಅದರಷ್ಟು ಎಣ್ಣೆ ಬದಲಾಗುತ್ತದೆ. ವಾರಾಂತ್ಯಕ್ಕೆ ಅದನ್ನು ಪೂರ್ತಿ ಹೊರಹಾಕಿದರೂ ವೆಚ್ಚ 1,275 ರೂ., ಅಂದರೆ ಕಿಲೋ ಮಾಲಿಗೆ ಎಂಟೂವರೆ ರೂಪಾಯಿ. ಕಿಲೋಗೆ 180 ರೂ. ದರದ 25 ಕಿಲೋ ಖಾರಾ, ಅವಧಿ ಮುಗಿಯುವ ಮೊದಲೇ ಕಮಟು ಹಿಡಿದು ವಿತರಕರಿಂದ ಹಿಂತಿರುಗಿದರೆ ಆಗುವ ನಷ್ಟ 4,500 ರೂ. ಅಂಗಡಿಯವರ ವಿಶ್ವಾಸ ಕಳೆದುಕೊಂಡ ನಷ್ಟ ಇದರಲ್ಲಿ ಸೇರಿಲ್ಲ.

ಮಂದವಾದ ಹಳೆಯ ಎಣ್ಣೆ ತಿಂಡಿಗೆ ಹೆಚ್ಚಾಗಿ ಅಂಟಿಕೊಳ್ಳುತ್ತದೆ ಎಂಬುದೂ ಗಮನಾರ್ಹ. ಬಿಡಿಯಾಗಿ ವಡೆ, ಬೋಂಡ ಮಾರುವವರಿಗೆ ಇದು ಪೂರ್ಣ ನಷ್ಟ. ತೂಕಕ್ಕೆ ಮಾರುವವರಿಗೆ ಹಿಟ್ಟಿನ ಹಾಗೂ ಎಣ್ಣೆಯ ಬೆಲೆಗಳ ವ್ಯತ್ಯಾಸದಷ್ಟು ನಷ್ಟ. ಎಣ್ಣೆ ಉಳಿಸಲು ಹೊರಟವರು ಎಣ್ಣೆಯನ್ನೇ ಹೆಚ್ಚು ಖರ್ಚು ಮಾಡುವ ವಿಪರ್ಯಾಸವಿದು.

ಹಳೆಯ ಎಣ್ಣೆಗೆ ಹೊಸದನ್ನು ಬೆರೆಸಿದರೆ ಎಲ್ಲವೂ ಸರಿಹೋಗುತ್ತದೆಂಬ ನಂಬಿಕೆಯೂ ವ್ಯಾಪಕವಾಗಿದೆ. ಬೆರಕೆಯಿಂದ ಕೆಡುಕಿನ ಪ್ರಮಾಣ ತಾತ್ಕಾಲಿಕವಾಗಿ ಇಳಿಯುವುದು ನಿಜ. ಆದರೆ ಹಳೆಯದರಲ್ಲಿನ ಆಮ್ಲ ಹಾಗೂ ಆಕ್ಸೀಕರಣಗೊಂಡ ಅಂಶಗಳು ಹೊಸ ಎಣ್ಣೆಯನ್ನೂ ಬೇಗ ಕೆಡಿಸುತ್ತವೆ. ನೊರೆ ಕಂಡ ಮೇಲೆ ಬೆರೆಸುವುದು ಹೊಸ ಟಿನ್ನನ್ನೂ ಕಳೆದುಕೊಂಡಂತೆ. ದಿನದ ಕೊನೆಗೆ ಎಣ್ಣೆ ಕೈಗೆ ಸುಡದಷ್ಟು ಆರಿದ ಮೇಲೆ ಸೋಸಿ, ಹಿಟ್ಟಿನ ಚೂರುಗಳನ್ನು ತೆಗೆದು, ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿಡುವುದು ಲೇಸು. ತಾಮ್ರ, ಹಿತ್ತಾಳೆಯ ಪಾತ್ರೆಗಳು ಎಣ್ಣೆ ಕೆಡುವ ವೇಗವನ್ನು ಹೆಚ್ಚಿಸುತ್ತವೆ.

ವಾಣಿಜ್ಯ ಸಂಸ್ಥೆ ಮಾಡಬಹುದಾದುದು

ಪೋಲಾರ್ ಅಂಶವನ್ನು ಅಳೆಯುವ ಕೈಯಳತೆಯ ಮೀಟರುಗಳು ಮಾರುಕಟ್ಟೆಯಲ್ಲಿವೆ. ಕರಿಯುವುದನ್ನು ನಿಲ್ಲಿಸಿ, ಗುಳ್ಳೆಗಳು ಅಡಗಿದ ಐದು ನಿಮಿಷದ ಬಳಿಕ ಬಿಸಿ ಎಣ್ಣೆಯಲ್ಲಿ ಅದ್ದಿದರೆ ಅಂಕಿ ದೊರೆಯುತ್ತದೆ. ನೀರಿನಂಶ ಉಳಿದಿದ್ದರೆ ಅಂಕಿ ತಪ್ಪಾಗುತ್ತದೆ. ಪ್ರತಿ ಸಣ್ಣ ಘಟಕಕ್ಕೂ ಒಂದೊಂದು ಮೀಟರಿನ ಖರೀದಿ ಹೊರೆಯೇ ಸರಿ. ವಾಣಿಜ್ಯ ಸಂಸ್ಥೆಯು ಒಂದೆರಡನ್ನು ಕೊಂಡು ಸದಸ್ಯರಿಗೆ ಸರದಿಯಂತೆ ಒದಗಿಸುವುದು ಹಾಗೂ ಸಣ್ಣ ಪ್ರಮಾಣದ ಎಣ್ಣೆಯನ್ನು ಒಟ್ಟುಗೂಡಿಸಿ ಅಧಿಕೃತ ಸಂಗ್ರಹಕಾರರಿಗೆ ಮಾರುವ ವ್ಯವಸ್ಥೆ ಮಾಡುವುದು ಸೂಕ್ತ. ಹಾಗಾದಾಗ ಈ ಎಣ್ಣೆ ಅಗ್ಗದ ದರಕ್ಕೆ ಬೀದಿ ಬದಿಯ ಬಾಣಲೆ ಸೇರದೆ ಜೈವಿಕ ಡೀಸೆಲ್ ತಯಾರಿಕೆಗೆ ಹೋಗುತ್ತದೆ.

ಉಳಿದದ್ದು ಸದಸ್ಯರ ಕೈಯಲ್ಲೇ ಇದೆ. ಪ್ರಾರಂಭಿಕ ಶಿಲ್ಕು, ಸುರಿದ ಹೊಸ ಎಣ್ಣೆ, ಹೊರಹಾಕಿದ ಪ್ರಮಾಣ, ಕೊಂಡವರ ಹೆಸರು ಹಾಗೂ ಬಿಲ್ಲಿನ ಸಂಖ್ಯೆ—ಇಷ್ಟು ಅಂಕಣಗಳ ಒಂದು ರಿಜಿಸ್ಟರ್ ಸಾಕು. ಆದೇಶದ ವ್ಯಾಪ್ತಿಗೆ ಬಾರದ ಘಟಕವೂ ಇದನ್ನಿಡುವುದು ವಿವೇಕ. ಹೊರಹಾಕಿದ ಎಣ್ಣೆಯ ಅಂಕಣ ತಿಂಗಳುಗಟ್ಟಲೆ ಖಾಲಿ ಉಳಿದಿದ್ದರೆ, ಅದನ್ನು ಆಹಾರ ಸುರಕ್ಷತಾಧಿಕಾರಿ ಓದುವ ಮೊದಲು ಮಾಲೀಕರೇ ಓದಿಕೊಳ್ಳುವುದು ಒಳ್ಳೆಯದು.